ನಿಫ್ಟಿಯ ನಾಳಿನ ಏರಿಳಿತಕ್ಕೆ ಯಾವ ಹಾರ್ ಮಾಡೆಲ್? ಲೆಕ್ಕ ಹಾಕಿ ನೋಡಿದ ಹೋಲಿಕೆ

ನಿಫ್ಟಿ ನಾಳೆ ಎಷ್ಟು ಅಲುಗಾಡಬಹುದು ಅಂತ ಅಂದಾಜು ಮಾಡಲು ಹೊರಟವರು ಬೇಗನೆ, ಹಿಂದಿನ ದಿನಗಳ ಏರಿಳಿತದಿಂದ ನಾಳಿನದನ್ನು ಊಹಿಸುವ ಹಾರ್ ಮಾಡೆಲ್ ಹತ್ತಿರ ಬಂದು ನಿಲ್ಲುತ್ತಾರೆ. ಗೊಂದಲ ಶುರುವಾಗುವುದು ಆಮೇಲೆ. ರಿಗ್ರೆಶನ್ ಅನ್ನು ವೇರಿಯನ್ಸ್ ಮೇಲೆ ಮಾಡಬೇಕಾ, ಅದರ ವರ್ಗಮೂಲದ ಮೇಲಾ, ಲಾಗ್ ಮೇಲಾ? ಹಾರ್-ಕ್ಯೂ ಅಂತ ಇನ್ನೊಂದಿದೆಯಲ್ಲ, ಅದು ಬೇಕಾ? ಐದು ನಿಮಿಷದ ಡೇಟಾ ಕೊಳ್ಳಲು ದುಡ್ಡಿಲ್ಲದಿದ್ದರೆ ಏನು ಮಾಡುವುದು? ಇದೆಲ್ಲ ಬಿಟ್ಟು ಹಳೇ ರಿಸ್ಕ್‌ಮೆಟ್ರಿಕ್ಸ್ ಲೆಕ್ಕವೇ ಸಾಕಲ್ವಾ?

ಇವುಗಳಲ್ಲಿ ಯಾವುದೂ ಎಲ್ಲರಿಗೂ ಒಗ್ಗುವುದಿಲ್ಲ. ಒಂದೇ ಒಂದು ದಿನವನ್ನು ಎದುರಿಗಿಟ್ಟುಕೊಂಡು ಎಲ್ಲದರಲ್ಲೂ ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇಲ್ಲಿ ಅದನ್ನೇ ಮಾಡಿದ್ದೇನೆ.

ಮೊದಲು ಮಾಡೆಲ್ ಏನು ಹೇಳುತ್ತದೆ

ನಿಫ್ಟಿಯ ವಹಿವಾಟು ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ. ಅಂದರೆ 375 ನಿಮಿಷ, ಐದೈದು ನಿಮಿಷದ 75 ತುಂಡುಗಳು. ಪ್ರತಿ ತುಂಡಿನ ಲಾಗ್ ರಿಟರ್ನ್ ತೆಗೆದು, ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ. ಬಂದದ್ದೇ ಆ ದಿನದ ರಿಯಲೈಸ್ಡ್ ವೇರಿಯನ್ಸ್. ಅದರ ವರ್ಗಮೂಲ ರಿಯಲೈಸ್ಡ್ ವೊಲಟಿಲಿಟಿ. ಐದು ನಿಮಿಷವೇ ಯಾಕೆ ಅಂದರೆ, ಇನ್ನೂ ಸಣ್ಣದಾಗಿ ಕತ್ತರಿಸಿದರೆ ಖರೀದಿ-ಮಾರಾಟ ಬೆಲೆಗಳ ನಡುವಿನ ಜಿಗಿತವೇ ಏರಿಳಿತದ ವೇಷ ಹಾಕಿಕೊಂಡು ಬರುತ್ತದೆ. ದೊಡ್ಡದಾಗಿ ಕತ್ತರಿಸಿದರೆ ಅಳತೆ ಒರಟಾಗುತ್ತದೆ.

ಹೀಗೆ ಅಳೆದ ಏರಿಳಿತಕ್ಕೆ ಒಂದು ಗುಣ ಇದೆ. ಅದರ ನೆನಪು ಬಹಳ ನಿಧಾನವಾಗಿ ಮಾಸುತ್ತದೆ. ಈ ತಿಂಗಳ ಗದ್ದಲದ ಸುಳಿವು ಮುಂದಿನ ತಿಂಗಳಲ್ಲೂ ಸಿಗುತ್ತದೆ. ಇದನ್ನು ಹಿಡಿಯಲು ಮೊದಲು ಭಾರೀ ಗಣಿತ ಬೇಕಾಗುತ್ತಿತ್ತು. ಫುಲ್ವಿಯೋ ಕೋರ್ಸಿ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸರಳ ದಾರಿ ತೋರಿಸಿದರು: ಇಂದಿನ ಏರಿಳಿತ, ಕಳೆದ 5 ದಿನಗಳ ಸರಾಸರಿ, ಕಳೆದ 22 ದಿನಗಳ ಸರಾಸರಿ. ಈ ಮೂರರ ಮೇಲೆ ನಾಳಿನದನ್ನು ಸಾಮಾನ್ಯ ಲೀಸ್ಟ್ ಸ್ಕ್ವೇರ್ಸ್ ರಿಗ್ರೆಶನ್ ಮಾಡಿ, ಅಷ್ಟೇ. ಇದೇ ಹಾರ್ ಮಾಡೆಲ್. ಇದರ ಹಿಂದಿನ ಯೋಚನೆಯೂ ಸರಳ. ಮಾರುಕಟ್ಟೆಯಲ್ಲಿ ದಿನಕ್ಕೊಮ್ಮೆ ಲೆಕ್ಕ ಮುಗಿಸುವವರು, ವಾರಕ್ಕೊಮ್ಮೆ ಪೊಸಿಷನ್ ಬದಲಿಸುವವರು, ತಿಂಗಳಿಗೊಮ್ಮೆ ಬದಲಿಸುವವರು ಒಟ್ಟಿಗೇ ಇರುತ್ತಾರೆ. ಒಬ್ಬೊಬ್ಬರು ಒಂದೊಂದು ಅವಧಿಯ ಏರಿಳಿತ ನೋಡಿ ಕೈ ಹಾಕುತ್ತಾರೆ.

ಲೆಕ್ಕ ಮಾಡಲು ಅನುಕೂಲವಾಗಲಿ ಅಂತ ಕೋಎಫಿಶಿಯಂಟ್‌ಗಳನ್ನು ನಾನೇ ಆರಿಸಿದ್ದೇನೆ: ದಿನಕ್ಕೆ 0.35, ವಾರಕ್ಕೆ 0.35, ತಿಂಗಳಿಗೆ 0.23. ಒಟ್ಟು 0.93. ಇವನ್ನು ಬಿಚ್ಚಿ ನೋಡಿ. ಇಂದಿನ ದಿನ ಮೂರು ಸರಾಸರಿಗಳಲ್ಲೂ ಇದೆ, ಹಾಗಾಗಿ ಅದರ ನಿಜವಾದ ತೂಕ 0.35 + 0.35/5 + 0.23/22, ಅಂದರೆ ಸುಮಾರು 0.43. ಅದರ ಹಿಂದಿನ ನಾಲ್ಕು ದಿನಗಳಿಗೆ ತಲಾ 0.08. ಅದಕ್ಕೂ ಹಿಂದಿನ 17 ದಿನಗಳಿಗೆ ತಲಾ 0.01. ಇದು 22 ದಿನ ಹಿಂದೆ ನೋಡುವ ಮಾಡೆಲ್ಲೇ. ಆದರೆ 22 ಕೋಎಫಿಶಿಯಂಟ್ ಬದಲು ಮೂರರಲ್ಲೇ ಮುಗಿಸುತ್ತದೆ. ಇದರ ಬಲ ಇರುವುದೇ ಈ ಜಿಪುಣತನದಲ್ಲಿ.

ಯಾವುದರ ಮೇಲೆ ಅಳೆಯೋಣ

ಆಯ್ಕೆಗೆ ಮುಂಚೆ ನಾಲ್ಕು ವಿಷಯ ತೀರ್ಮಾನ ಮಾಡಿಕೊಳ್ಳಿ.

ಒಂದು, ನಿಮ್ಮ ಹತ್ತಿರ ಯಾವ ಡೇಟಾ ಇದೆ. ದಿನದ ಮುಕ್ತಾಯ ಬೆಲೆ ಮಾತ್ರವೋ, ಗರಿಷ್ಠ-ಕನಿಷ್ಠವೂ ಇದೆಯೋ, ಐದು ನಿಮಿಷದ್ದೂ ಇದೆಯೋ.

ಎರಡು, ದೊಡ್ಡ ಹೊಡೆತದ ಮರುದಿನ ಮಾಡೆಲ್ ಹೇಗೆ ನಡೆದುಕೊಳ್ಳುತ್ತದೆ. ತಣ್ಣಗಿರುವ ದಿನಗಳಲ್ಲಿ ಎಲ್ಲ ಮಾಡೆಲ್‌ಗಳೂ ಹೆಚ್ಚುಕಮ್ಮಿ ಒಂದೇ ಉತ್ತರ ಕೊಡುತ್ತವೆ. ಬೇರೆಯಾಗುವುದು ಹೊಡೆತ ಬಿದ್ದಾಗಲೇ. ನನಗೆ ಇದೇ ಮುಖ್ಯ ಅಳತೆ.

ಮೂರು, ನಿಮ್ಮ ರಿಸ್ಕ್ ಯಾವ ಗಂಟೆಗಳದ್ದು. 3:30ಕ್ಕೆ ಮುಂಚೆ ಎಲ್ಲ ಮಾರಿ ಎದ್ದು ಹೋಗುವವರ ಅಗತ್ಯ ಬೇರೆ, ಪೊಸಿಷನ್ ಇಟ್ಟುಕೊಂಡು ಮಲಗುವವರ ಅಗತ್ಯ ಬೇರೆ.

ನಾಲ್ಕು, ಎಷ್ಟು ಉಸ್ತುವಾರಿ ಮಾಡಬಲ್ಲಿರಿ. ಕೋಎಫಿಶಿಯಂಟ್ ಜಾಸ್ತಿಯಾದಷ್ಟೂ ಕೆಟ್ಟುಹೋದದ್ದನ್ನು ಪತ್ತೆ ಮಾಡುವುದು ಕಷ್ಟ.

ಒಂದು ದಿನ, ನಾಲ್ಕು ಉತ್ತರ

ಈಗ ಆ ದಿನ. ಕಳೆದ 21 ದಿನ ಮಾರುಕಟ್ಟೆ ತಣ್ಣಗಿತ್ತು, ದಿನಕ್ಕೆ ಶೇ. 0.70 ಏರಿಳಿತ. ಇವತ್ತು ಇದ್ದಕ್ಕಿದ್ದಂತೆ ಶೇ. 3.00. ದಿನವಿಡೀ ಮೇಲೆ ಕೆಳಗೆ ಹೊಯ್ದಾಡಿ, ಕೊನೆಗೆ ನಿನ್ನೆಯ ಮುಕ್ತಾಯಕ್ಕಿಂತ ಬರೀ ಶೇ. 0.2 ಮೇಲೆ ನಿಂತಿತು. ನಾಳೆಗೆ ಏನು ಹೇಳೋಣ?

*ರಿಸ್ಕ್‌ಮೆಟ್ರಿಕ್ಸ್ ಲೆಕ್ಕ.* ನಿನ್ನೆಯ ವೇರಿಯನ್ಸ್‌ನ 0.94 ಭಾಗ, ಇಂದಿನ ರಿಟರ್ನ್‌ನ ವರ್ಗದ 0.06 ಭಾಗ. 0.94 × 0.49 + 0.06 × 0.04 = 0.463. ವರ್ಗಮೂಲ ತೆಗೆದರೆ ಶೇ. 0.68. ದಿನವಿಡೀ ಅಲ್ಲೋಲಕಲ್ಲೋಲ ಆಗಿದೆ, ಈ ಲೆಕ್ಕ ಮಾತ್ರ ನಾಳೆ ಇನ್ನೂ ತಣ್ಣಗಿರುತ್ತದೆ ಅನ್ನುತ್ತಿದೆ. ಇದಕ್ಕೆ ಕಾಣುವುದು ಮುಕ್ತಾಯ ಬೆಲೆ ಮಾತ್ರ. ಮುಕ್ತಾಯ ಬೆಲೆಯನ್ನೇ ನಂಬುವ ಗಾರ್ಚ್ ಮಾಡೆಲ್‌ಗೂ ಇದೇ ಕುರುಡು. ಅದೇ ದಿನ ಶೇ. 2.5 ಕುಸಿದು ಮುಗಿದಿದ್ದರೆ ರಿಸ್ಕ್‌ಮೆಟ್ರಿಕ್ಸ್ ಶೇ. 0.91 ಅನ್ನುತ್ತಿತ್ತು. ಆಗಲೂ ಮೆಲ್ಲಗೇ ಏಳುತ್ತದೆ, ಆದರೆ ಏಳುತ್ತದಾದರೂ ಏಳುತ್ತದೆ.

*ವೇರಿಯನ್ಸ್ ಮೇಲೆ ಹಾರ್.* ಇಂದಿನ ವೇರಿಯನ್ಸ್ 9. ವಾರದ ಸರಾಸರಿ (9 + 4 × 0.49)/5 = 2.19. ತಿಂಗಳದ್ದು 0.88. ಸ್ಥಿರಾಂಕ 0.036. ಅಂದಾಜು: 0.036 + 0.35 × 9 + 0.35 × 2.19 + 0.23 × 0.88 = 4.155. ವರ್ಗಮೂಲ ಶೇ. 2.04.

*ವೊಲಟಿಲಿಟಿ ಮೇಲೆ, ಅಂದರೆ ವರ್ಗಮೂಲದ ಮೇಲೆ ಹಾರ್.* ಇಂದಿನದು 3.00, ವಾರದ ಸರಾಸರಿ 1.16, ತಿಂಗಳದ್ದು 0.80, ಸ್ಥಿರಾಂಕ 0.05. ಅಂದಾಜು ಶೇ. 1.69.

*ಲಾಗ್ ಮೇಲೆ ಹಾರ್.* ವೇರಿಯನ್ಸ್‌ನ ಲಾಗ್ ಇಂದು 2.197, ತಣ್ಣನೆಯ ದಿನಗಳಲ್ಲಿ −0.713. ಲಾಗ್‌ಗಳ ವಾರದ ಸರಾಸರಿ −0.131, ತಿಂಗಳದ್ದು −0.581, ಸ್ಥಿರಾಂಕ −0.047. ಅಂದಾಜು 0.542. ಇದನ್ನು ಲಾಗ್‌ನಿಂದ ವಾಪಸ್ ತಂದರೆ 1.72 ಬರುತ್ತದೆ, ಆದರೆ ಅಲ್ಲಿಗೆ ನಿಲ್ಲಿಸಬಾರದು. ಲಾಗ್‌ನ ಸರಾಸರಿಯನ್ನು ಸುಮ್ನೆ ತಿರುಗಿಸಿದರೆ ಉತ್ತರ ಸದಾ ಕಡಿಮೆ ಬರುತ್ತದೆ. ರಿಗ್ರೆಶನ್‌ನಲ್ಲಿ ಉಳಿದ ದೋಷದ ವೇರಿಯನ್ಸ್‌ನ ಅರ್ಧವನ್ನು ಕೂಡಿಸಬೇಕು. ಅದು 0.25 ಅಂದುಕೊಂಡರೆ, exp(0.542 + 0.125) = 1.95. ವರ್ಗಮೂಲ ಶೇ. 1.40.

ಅದೇ ಇತಿಹಾಸ, ಅವೇ ತೂಕಗಳು. ಉತ್ತರ ಮಾತ್ರ 2.04, 1.69, 1.40. ಯಾವ ರೂಪ ಆರಿಸುತ್ತೀರಿ ಅನ್ನುವುದು ಸಣ್ಣ ವಿಷಯ ಅಲ್ಲ. ಹೊಡೆತದ ದಿನವನ್ನು ಎಷ್ಟು ನಂಬಬೇಕು ಅನ್ನುವ ತೀರ್ಮಾನ ಅದರೊಳಗೇ ಅಡಗಿದೆ. ವೇರಿಯನ್ಸ್ ರೂಪದಲ್ಲಿ ದೊಡ್ಡ ದಿನ ತಣ್ಣನೆಯ ದಿನಕ್ಕಿಂತ 18 ಪಟ್ಟು ದೊಡ್ಡದು. ವರ್ಗಮೂಲದಲ್ಲಿ 4 ಪಟ್ಟು ಚಿಲ್ಲರೆ. ಲಾಗ್‌ನಲ್ಲಿ ಅದು ಬರೀ ಮೂರು ಹೆಜ್ಜೆ ಮೇಲೆ.

ನಿಜವಾದ ಡೇಟಾದಲ್ಲಿ ಮೂರೂ ರೂಪಕ್ಕೆ ಬೇರೆ ಬೇರೆ ಕೋಎಫಿಶಿಯಂಟ್ ಬರುತ್ತವೆ, ಆದ್ದರಿಂದ ಅಂತರ ಇಷ್ಟೇ ಇರಬೇಕಿಲ್ಲ. ಆದರೆ ವೇರಿಯನ್ಸ್ ರೂಪದ ದೊಡ್ಡ ತೊಂದರೆ ಇರುವುದೂ ಅಲ್ಲೇ. 2020ರ ಮಾರ್ಚ್ 23ರಂದು ನಿಫ್ಟಿ ಸುಮಾರು ಶೇ. 13 ಬಿತ್ತು. ಬೆಳಿಗ್ಗೆಯೇ ಶೇ. 10ರ ಸರ್ಕ್ಯೂಟ್ ತಗುಲಿ ವಹಿವಾಟು 45 ನಿಮಿಷ ನಿಂತಿತ್ತು. ಅಂಥ ದಿನದ ಏರಿಳಿತ ಶೇ. 5 ಅಂದುಕೊಳ್ಳಿ. ವೇರಿಯನ್ಸ್ 25, ಅಂದರೆ ತಣ್ಣನೆಯ ದಿನದ 51 ಪಟ್ಟು. ಲೀಸ್ಟ್ ಸ್ಕ್ವೇರ್ಸ್ ದೋಷದ ವರ್ಗವನ್ನು ನೋಡುವುದರಿಂದ ಆ ಒಂದು ದಿನ ಸಾವಿರಾರು ಸಾಮಾನ್ಯ ದಿನಗಳಷ್ಟು ಜೋರಾಗಿ ಕೋಎಫಿಶಿಯಂಟನ್ನು ಎಳೆಯುತ್ತದೆ. ನಿಮ್ಮ ಮಾಡೆಲ್ ಕಲಿತದ್ದು ನಾಲ್ಕು ವರ್ಷದ ಮಾರುಕಟ್ಟೆಯನ್ನಲ್ಲ, ಆ ಒಂದು ತಿಂಗಳನ್ನು.

ಪತ್ತೆ ಹಚ್ಚುವುದು ಸುಲಭ. ಹಿಂದಿನ 1,000 ದಿನಗಳ ಕಿಟಕಿ ಇಟ್ಟುಕೊಂಡು ದಿನಾ ಹೊಸದಾಗಿ ರಿಗ್ರೆಶನ್ ಮಾಡಿ, ದಿನದ ಕೋಎಫಿಶಿಯಂಟನ್ನು ಗ್ರಾಫ್‌ನಲ್ಲಿ ಎಳೆಯಿರಿ. 2020ರ ಮಾರ್ಚ್ ಕಿಟಕಿಯೊಳಗೆ ಬಂದ ದಿನ ಮತ್ತು ಹೊರಗೆ ಹೋದ ದಿನ ಅದು ಥಟ್ಟನೆ ಜಿಗಿದರೆ, ನಿಮ್ಮ ರೂಪ ಸರಿಯಿಲ್ಲ. ವೇರಿಯನ್ಸ್ ರೂಪವೇ ಬೇಕು ಅನ್ನುವವರಿಗೆ ಔಷಧಿಯೂ ಇದೆ: ತೂಕ ಹಾಕಿದ ಲೀಸ್ಟ್ ಸ್ಕ್ವೇರ್ಸ್. ಒಮ್ಮೆ ಸಾಮಾನ್ಯ ರಿಗ್ರೆಶನ್ ಮಾಡಿ, ಬಂದ ಅಂದಾಜುಗಳ ವಿಲೋಮವನ್ನು ತೂಕವಾಗಿ ಇಟ್ಟು ಇನ್ನೊಮ್ಮೆ ಮಾಡಿ. ದೊಡ್ಡ ದಿನಗಳ ದನಿ ತಗ್ಗುತ್ತದೆ.

ಲಾಗ್ ರೂಪಕ್ಕೆ ಇನ್ನೂ ಒಂದು ಅನುಕೂಲ. ಅಂದಾಜು ಎಂದೂ ಋಣ ಸಂಖ್ಯೆಗೆ ಇಳಿಯುವುದಿಲ್ಲ. ಬರೆಯುವುದೂ ಹತ್ತು ಸಾಲಿನ ಕೆಲಸ. ಇದರಲ್ಲಿ `rv` ಅಂದರೆ ದಿನದ ರಿಯಲೈಸ್ಡ್ ವೇರಿಯನ್ಸ್:

```python
import numpy as np, pandas as pd, statsmodels.api as sm

rv = pd.read_csv("rv.csv", index_col=0, parse_dates=True)["rv"]
d = np.log(rv)
X = pd.DataFrame({"d": d, "w": d.rolling(5).mean(),
                  "m": d.rolling(22).mean()}).dropna()
X = sm.add_constant(X)
y = d.shift(-1).reindex(X.index)
fit = sm.OLS(y.iloc[:-1], X.iloc[:-1]).fit()
f = np.exp(fit.predict(X.iloc[[-1]]) + fit.mse_resid / 2)
print(np.sqrt(f))
```

`shift(-1)` ಮರೆತರೆ ಇಂದಿನದನ್ನು ಇಂದಿನದರಿಂದಲೇ ಊಹಿಸಿದಂತಾಗುತ್ತದೆ. ಆರ್-ಸ್ಕ್ವೇರ್ಡ್ 1 ಅಂತ ತೋರಿಸಿದರೆ ಖುಷಿಪಡಬೇಡಿ, ಆ ಸಾಲು ನೋಡಿ.

ಹಾರ್-ಕ್ಯೂ: ಅಳತೆಯನ್ನೇ ಅನುಮಾನಿಸುವ ಮಾಡೆಲ್

ಇಲ್ಲಿಯವರೆಗೆ ಶೇ. 3.00 ಅನ್ನುವ ಅಳತೆಯನ್ನು ನಾವು ಪೂರ್ತಿ ನಂಬಿದ್ದೇವೆ. ಅದು ಬಂದದ್ದು ಬರೀ 75 ತುಂಡುಗಳಿಂದ. ಅದರಲ್ಲೂ ದೋಷ ಇರುತ್ತದೆ, ಆ ದೋಷ ದಿನದಿಂದ ದಿನಕ್ಕೆ ಬೇರೆ. ಬೊಲ್ಲರ್‌ಸ್ಲೆವ್, ಪ್ಯಾಟನ್, ಕ್ವಾಡ್‌ವ್ಲೀಗ್ ಮೂವರು 2016ರಲ್ಲಿ ಮುಂದಿಟ್ಟ ಹಾರ್-ಕ್ಯೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವೇರಿಯನ್ಸ್ ರೂಪದ ಹಾರ್ ಇಟ್ಟುಕೊಂಡು, ಅಳತೆ ಅಲುಗಾಡುವ ದಿನಗಳಲ್ಲಿ ದಿನದ ಕೋಎಫಿಶಿಯಂಟನ್ನು ತಾನಾಗಿಯೇ ತಗ್ಗಿಸುತ್ತದೆ.

ವೇರಿಯನ್ಸ್ 9 ಇರುವ ಎರಡು ದಿನ ತೆಗೆದುಕೊಳ್ಳಿ. ಮೊದಲನೆಯ ದಿನ ಏರಿಳಿತ 75 ತುಂಡುಗಳಲ್ಲೂ ಹರಡಿಕೊಂಡಿತ್ತು. ಎರಡನೆಯ ದಿನ ಯಾವುದೋ ಸುದ್ದಿ ಬಂದು ಒಂದೇ ತುಂಡಿನಲ್ಲಿ ಶೇ. 2.5 ಬಿತ್ತು. ಆ ತುಂಡೇ 6.25 ಕೊಟ್ಟಿತು, ಉಳಿದ 74 ಸೇರಿ 2.75. ಈಗ ಪ್ರತಿ ರಿಟರ್ನ್‌ನ ನಾಲ್ಕನೇ ಘಾತ ಕೂಡಿಸಿ, 75/3ರಿಂದ ಗುಣಿಸಿ. ಇದಕ್ಕೆ ರಿಯಲೈಸ್ಡ್ ಕ್ವಾರ್ಟಿಸಿಟಿ ಅನ್ನುತ್ತಾರೆ. ಅದರ ವರ್ಗಮೂಲ ಮೊದಲ ದಿನಕ್ಕೆ ಸುಮಾರು 9, ಎರಡನೆಯದಕ್ಕೆ ಸುಮಾರು 31. ಇದರಿಂದ ಅಳತೆಯ ದೋಷ ಎಷ್ಟೆಂದು ಲೆಕ್ಕ ಹಾಕಿದರೆ, ಮೊದಲ ದಿನ 9ರ ಆಚೆ ಈಚೆ ಒಂದೂವರೆ. ಎರಡನೆಯ ದಿನ 9ರ ಆಚೆ ಈಚೆ ಐದು.

ಸಾದಾ ಹಾರ್ ಎರಡೂ ದಿನಕ್ಕೆ ಒಂದೇ ಅಂದಾಜು ಕೊಡುತ್ತದೆ. ಹಾರ್-ಕ್ಯೂ ಎರಡನೆಯದನ್ನು ಕಡಿಮೆ ನಂಬುತ್ತದೆ. ಮಾರುಕಟ್ಟೆ ನೋಡಿದವರಿಗೂ ಇದು ಸರಿ ಅನ್ನಿಸುತ್ತದೆ. ಒಂದು ಸುದ್ದಿಗೆ ಒಮ್ಮೆ ಜಿಗಿದು ಸುಮ್ಮನಾದ ದಿನಕ್ಕಿಂತ, ದಿನವಿಡೀ ಹೊಯ್ದಾಡಿದ ದಿನವೇ ನಾಳೆಗೂ ಮುಂದುವರಿಯುವುದು ಜಾಸ್ತಿ.

ಬೆಲೆ ತೆರಬೇಕಾದದ್ದು ಎಲ್ಲಿ? ನಾಲ್ಕನೇ ಘಾತ ಬಹಳ ಸೂಕ್ಷ್ಮ. ಡೇಟಾದಲ್ಲಿ ಒಂದು ತಪ್ಪು ಟಿಕ್ ಇದ್ದರೆ, ಸಾದಾ ಹಾರ್‌ಗೆ ಗೀರು ಬೀಳುವಲ್ಲಿ ಹಾರ್-ಕ್ಯೂ ಮುರಿದೇ ಹೋಗುತ್ತದೆ. ಕ್ವಾರ್ಟಿಸಿಟಿ ವಿಪರೀತ ಆದ ದಿನ ದಿನದ ಕೋಎಫಿಶಿಯಂಟ್ ಸೊನ್ನೆಗಿಂತ ಕೆಳಗೆ ಹೋಗಿ, ಅಂದಾಜೇ ಋಣ ಸಂಖ್ಯೆ ಆಗಬಹುದು. ಅದಕ್ಕೇ ಒಂದು ಕಾವಲು ಹಾಕುತ್ತಾರೆ: ಅಂದಾಜು ಕಿಟಕಿಯಲ್ಲಿ ಕಂಡ ಕನಿಷ್ಠ-ಗರಿಷ್ಠದ ಆಚೆ ಹೋದರೆ, ಬದಲಿಗೆ ಕಿಟಕಿಯ ಸರಾಸರಿ ಇಡುವುದು. ಈ ಕಾವಲು ಎಷ್ಟು ಸಲ ಕೆಲಸ ಮಾಡಿತು ಅಂತ ಎಣಿಸುತ್ತಿರಿ. ಅಪರೂಪಕ್ಕೆ ಆದರೆ ಸರಿ. ಪದೇ ಪದೇ ಆಗುತ್ತಿದ್ದರೆ ಮಾಡೆಲ್ ಬಿಟ್ಟು ಮೊದಲು ಡೇಟಾ ನೋಡಿ.

ನನ್ನ ಅನಿಸಿಕೆ ಹೇಳುವುದಾದರೆ, ಲಾಗ್ ಹಾರ್ ಈ ಕೆಲಸದ ದೊಡ್ಡ ಪಾಲನ್ನು ಪುಕ್ಕಟೆ ಮಾಡಿಕೊಡುತ್ತದೆ. ದೊಡ್ಡ ದಿನಗಳನ್ನು ಅದು ಹೇಗೂ ಕುಗ್ಗಿಸುತ್ತದೆ. ಆದರೆ ಎಲ್ಲ ದೊಡ್ಡ ದಿನಗಳನ್ನೂ ಒಂದೇ ಥರ ಕುಗ್ಗಿಸುತ್ತದೆ, ಜಿಗಿತದ ದಿನ ಯಾವುದು, ಹೊಯ್ದಾಟದ ದಿನ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆ ವ್ಯತ್ಯಾಸದಿಂದ ನಿಮಗೆ ದುಡ್ಡು ಉಳಿಯುವುದಾದರೆ ಮಾತ್ರ ಹಾರ್-ಕ್ಯೂಗೆ ಹೋಗಿ.

ಐದು ನಿಮಿಷದ ಡೇಟಾ ಇಲ್ಲದವರಿಗೆ

ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಪಾರ್ಕಿನ್ಸನ್ 1980ರಲ್ಲಿ ಕೊಟ್ಟ ಸೂತ್ರ ಅದರಿಂದಲೇ ವೇರಿಯನ್ಸ್ ತೆಗೆಯುತ್ತದೆ:

```
(ln(H/L))^2 / (4 ln 2)
```

ಗರಿಷ್ಠ 22,400, ಕನಿಷ್ಠ 21,900 ಅಂದುಕೊಳ್ಳಿ. ಅನುಪಾತದ ಲಾಗ್ 0.0226. ವರ್ಗ ಮಾಡಿ 2.77ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಶೇ. 1.36. ಈ ಸಂಖ್ಯೆಯನ್ನು ರಿಯಲೈಸ್ಡ್ ವೊಲಟಿಲಿಟಿಯ ಜಾಗದಲ್ಲಿ ಇಟ್ಟು ಅದೇ ಹಾರ್ ಓಡಿಸಿ. ಮುಕ್ತಾಯ ಬೆಲೆಯ ವರ್ಗಕ್ಕಿಂತ ಇದು ಎಷ್ಟೋ ವಾಸಿ. ನಮ್ಮ ಹೊಯ್ದಾಟದ ದಿನ ರಿಸ್ಕ್‌ಮೆಟ್ರಿಕ್ಸ್‌ಗೆ ಕಾಣಲಿಲ್ಲ, ಇದಕ್ಕೆ ಕಾಣುತ್ತದೆ. ಮಿತಿ ಏನೆಂದರೆ, ಅದೇ ಗರಿಷ್ಠ-ಕನಿಷ್ಠದ ನಡುವೆ ಬೆಲೆ ಒಮ್ಮೆ ಓಡಾಡಿದರೂ ಅಷ್ಟೇ, ಆರು ಸಲ ಓಡಾಡಿದರೂ ಅಷ್ಟೇ. ಅಳತೆಯಲ್ಲಿ ಗದ್ದಲ ಜಾಸ್ತಿ ಇರುವುದರಿಂದ ರಿಗ್ರೆಶನ್ ದಿನದ ಕೋಎಫಿಶಿಯಂಟನ್ನು ತಗ್ಗಿಸಿ ವಾರ, ತಿಂಗಳುಗಳ ಕಡೆ ವಾಲುತ್ತದೆ. ಹಾಗೆ ಕಂಡರೆ ಗಾಬರಿ ಬೇಡ, ಅದು ಸರಿಯಾದ ನಡವಳಿಕೆಯೇ.

ವಹಿವಾಟು ಕಮ್ಮಿ ಇರುವ ಸಣ್ಣ ಶೇರುಗಳಿಗಂತೂ ಐದು ನಿಮಿಷದ ಡೇಟಾ ಇದ್ದರೂ ಪ್ರಯೋಜನ ಕಮ್ಮಿ. ಎಷ್ಟೋ ತುಂಡುಗಳಲ್ಲಿ ಬೆಲೆ ಅಲ್ಲಾಡಿಯೇ ಇರುವುದಿಲ್ಲ. ಅಲ್ಲಿ 15 ನಿಮಿಷಕ್ಕೆ ಹೋಗಿ, ಇಲ್ಲವೇ ಪಾರ್ಕಿನ್ಸನ್‌ಗೆ ಬನ್ನಿ.

ರಾತ್ರಿ ಯಾರ ಲೆಕ್ಕದಲ್ಲಿ?

ಹಾರ್ ಬಳಸುವವರು ಜಾಸ್ತಿ ಎಡವುವುದು ಇಲ್ಲಿ. 75 ತುಂಡುಗಳಲ್ಲಿ ರಾತ್ರಿ ಇಲ್ಲ. 2024ರ ಜೂನ್ 3 ನೆನಪಿಸಿಕೊಳ್ಳಿ. ಶನಿವಾರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದಿದ್ದವು. ಸೋಮವಾರ ನಿಫ್ಟಿ ಹಿಂದಿನ ಮುಕ್ತಾಯಕ್ಕಿಂತ ಶೇ. 3ಕ್ಕೂ ಹೆಚ್ಚು ಮೇಲೆ ತೆರೆದು, ಕೊನೆಗೆ ಶೇ. 3.25 ಏರಿಕೆಯಲ್ಲಿ ನಿಂತಿತು. ಆ ದಿನದ ಏರಿಕೆಯ ಬಹುಪಾಲು 9:15ಕ್ಕೆ ಮುಂಚೆಯೇ ಆಗಿಹೋಗಿತ್ತು. ಐದು ನಿಮಿಷದ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಇಂಟ್ರಾಡೇ ಮಾಡುವವರಿಗೆ ಇದರಿಂದ ತೊಂದರೆ ಇಲ್ಲ, ಅವರು ಹಾಗೇ ಬಿಡಬಹುದು. ಆಪ್ಷನ್ ಮಾರಿ ರಾತ್ರಿ ಇಟ್ಟುಕೊಳ್ಳುವವರು ಬಿಡುವಂತಿಲ್ಲ. ಎರಡು ದಾರಿ ಇವೆ. ರಾತ್ರಿಯ ಗ್ಯಾಪ್‌ನ ವರ್ಗವನ್ನು ಆ ದಿನದ ವೇರಿಯನ್ಸ್‌ಗೆ ಕೂಡಿಸಿ ಹಾರ್ ಓಡಿಸುವುದು ಒಂದು. ಇನ್ನೊಂದು, ಹಗಲಿನದನ್ನು ಮಾತ್ರ ಅಂದಾಜು ಮಾಡಿ, ಕೊನೆಗೆ ಒಂದು ಅನುಪಾತದಿಂದ ಗುಣಿಸುವುದು. ಮುಕ್ತಾಯದಿಂದ ಮುಕ್ತಾಯಕ್ಕೆ ಅಳೆದ ರಿಟರ್ನ್‌ಗಳ ವರ್ಗದ ದೀರ್ಘಾವಧಿ ಸರಾಸರಿಯನ್ನು ಹಗಲಿನ ವೇರಿಯನ್ಸ್‌ನ ಸರಾಸರಿಯಿಂದ ಭಾಗಿಸಿದರೆ ಆ ಅನುಪಾತ ಸಿಗುತ್ತದೆ. ನಾನು ಎರಡನೆಯದರ ಪರ. ಗ್ಯಾಪ್ ಅನ್ನುವುದು ಒಂದೇ ರಿಟರ್ನ್, ಅದರ ವರ್ಗ ಬಹಳ ಒರಟು ಅಳತೆ. ಒಳ್ಳೆಯ 75 ತುಂಡುಗಳ ಜೊತೆ ಅದನ್ನು ಬೆರೆಸಿದರೆ ಇಡೀ ಅಳತೆಯೇ ಕೆಡುತ್ತದೆ.

ಅದರ ಮರುದಿನ, ಜೂನ್ 4ಕ್ಕೆ ಫಲಿತಾಂಶ ಬಂತು. ನಿಫ್ಟಿ ಶೇ. 5.93 ಬಿತ್ತು. ಯಾವ ಹಾರ್‌ಗೂ ಅದರ ಸುಳಿವಿರಲಿಲ್ಲ, ಇರುವುದೂ ಸಾಧ್ಯವಿಲ್ಲ. ಹಾರ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ. ಆಪ್ಷನ್ ಬೆಲೆಗಳಿಗೆ ಗೊತ್ತಿತ್ತು. ಏಪ್ರಿಲ್‌ನಲ್ಲಿ ತೀರಾ ತಳದಲ್ಲಿದ್ದ ಇಂಡಿಯಾ ವಿಕ್ಸ್ ಮೇ ತಿಂಗಳಲ್ಲೇ 20 ದಾಟಿತ್ತು. ಹಾಗಾಗಿ ಬಜೆಟ್, ಚುನಾವಣೆ, ರಿಸರ್ವ್ ಬ್ಯಾಂಕ್ ಸಭೆಯ ಆಸುಪಾಸು ವ್ಯವಹರಿಸುವವರು ವಿಕ್ಸನ್ನು ನಾಲ್ಕನೆಯ ಅಂಶವಾಗಿ ರಿಗ್ರೆಶನ್‌ಗೆ ಸೇರಿಸುವುದು ಒಳ್ಳೆಯದು. ಬೇರೇನೂ ತಿದ್ದುವುದು ಬೇಡ, ಲಾಗ್ ತೆಗೆದು ಸೇರಿಸಿ. ವಿಕ್ಸನ್ನೇ ನೇರವಾಗಿ ನಾಳಿನ ಅಂದಾಜು ಮಾಡಿಕೊಳ್ಳಬೇಡಿ. 20 ಅನ್ನು 252ರ ವರ್ಗಮೂಲದಿಂದ ಭಾಗಿಸಿದರೆ ದಿನಕ್ಕೆ ಶೇ. 1.26 ಬರುತ್ತದೆ, ಸರಿ. ಆದರೆ ಅದು ಮುಂದಿನ 30 ದಿನಗಳದ್ದು, ರಾತ್ರಿಯೂ ಸೇರಿದ್ದು, ಜೊತೆಗೆ ಆಪ್ಷನ್ ಮಾರುವವರು ಕೇಳುವ ಹೆಚ್ಚುವರಿ ಬೆಲೆಯೂ ಅದರೊಳಗಿದೆ. ಇವನ್ನೆಲ್ಲ ಎಷ್ಟು ಕಳೆಯಬೇಕು ಅಂತ ರಿಗ್ರೆಶನ್ನೇ ಲೆಕ್ಕ ಹಾಕಲಿ.

ಯಾವುದು ಗೆದ್ದಿತು ಅಂತ ಹೇಗೆ ನೋಡುವುದು

ದೋಷದ ವರ್ಗದ ಸರಾಸರಿ ನೋಡಿದರೆ ಮತ್ತೆ ನಾಲ್ಕಾರು ದೊಡ್ಡ ದಿನಗಳೇ ತೀರ್ಪು ಕೊಡುತ್ತವೆ. ಅದಕ್ಕೆ ಕ್ಯೂಲೈಕ್ ಬಳಸಿ. ನಿಜವಾದ ವೇರಿಯನ್ಸನ್ನು ಅಂದಾಜಿನಿಂದ ಭಾಗಿಸಿ. ಆ ಅನುಪಾತದಿಂದ ಅದರದೇ ಲಾಗ್ ಕಳೆದು, ಇನ್ನೊಂದು 1 ಕಳೆಯಿರಿ. ಸರಿಯಾಗಿ ಹೇಳಿದ್ದರೆ ಸೊನ್ನೆ.

ನಮ್ಮ ದಿನಕ್ಕೆ ವಾಪಸ್ ಬನ್ನಿ. ಮರುದಿನ ನಿಜವಾಗಿ ಆದದ್ದು ಶೇ. 1.5 ಅಂದುಕೊಳ್ಳಿ, ವೇರಿಯನ್ಸ್ 2.25. ಲಾಗ್ ಹಾರ್‌ನ ದಂಡ 0.01. ವರ್ಗಮೂಲದ್ದು 0.03. ವೇರಿಯನ್ಸ್ ರೂಪದ್ದು 0.15. ರಿಸ್ಕ್‌ಮೆಟ್ರಿಕ್ಸ್‌ನದು 2.28! ಜಾಸ್ತಿ ಹೇಳಿದವರಿಗಿಂತ ಕಮ್ಮಿ ಹೇಳಿದವರಿಗೆ ಈ ಅಳತೆ ಗಟ್ಟಿಯಾಗಿ ಬಾರಿಸುತ್ತದೆ. ಆಪ್ಷನ್ ಮಾರುವವರ ಕಷ್ಟವೂ ಹಾಗೇ ಇರುತ್ತದಲ್ವಾ? ಒಂದು ದಿನದಿಂದ ಏನೂ ತೀರ್ಮಾನ ಆಗುವುದಿಲ್ಲ, ಲೆಕ್ಕ ಹೇಗೆ ಅಂತ ತೋರಿಸಲು ಹೇಳಿದೆ. ನೀವು ಮಾಡೆಲ್ ನೋಡದ ಒಂದೆರಡು ವರ್ಷದ ದಿನಗಳ ಮೇಲೆ ಓಡಿಸಿ, ಸರಾಸರಿ ಹೋಲಿಸಿ.

ನಾಳೆಯ ಬದಲು ಮುಂದಿನ ಐದು ದಿನಗಳ ಸರಾಸರಿ ಬೇಕಿದ್ದರೆ ಎಡಗಡೆಗೆ ಅದನ್ನೇ ಇಟ್ಟು ರಿಗ್ರೆಶನ್ ಮಾಡಿದರಾಯಿತು. ಆಗ ಅಕ್ಕಪಕ್ಕದ ಸಾಲುಗಳಲ್ಲಿ ಅವೇ ದಿನಗಳು ಮತ್ತೆ ಮತ್ತೆ ಬರುವುದರಿಂದ ಸಾಮಾನ್ಯ ಟಿ-ಮೌಲ್ಯಗಳನ್ನು ನಂಬಬೇಡಿ, ನ್ಯೂವಿ-ವೆಸ್ಟ್ ತಿದ್ದುಪಡಿ ಹಾಕಿ.

ಹಾಗಾದರೆ ನಿಮಗೆ ಯಾವುದು?

ದುಡ್ಡು ಖರ್ಚು ಮಾಡದೆ, ಸ್ಪ್ರೆಡ್‌ಶೀಟ್‌ನಲ್ಲೇ ಮುಗಿಸಬೇಕು ಅನ್ನುವವರಿಗೆ ಪಾರ್ಕಿನ್ಸನ್ ಜೊತೆ ಲಾಗ್ ಹಾರ್. ಎಷ್ಟು ಲಾಟ್ ಹಿಡಿಯಬೇಕು ಅಂತ ತೀರ್ಮಾನಿಸಲು ಇಷ್ಟು ಸಾಕು. ಐದು ನಿಮಿಷದ ಡೇಟಾ ಇದ್ದು, ಒಬ್ಬರೇ ಕೂತು ನೋಡಿಕೊಳ್ಳುವವರಿಗೆ ಐದು ನಿಮಿಷದ ಲಾಗ್ ಹಾರ್. ರಾತ್ರಿ ಇಟ್ಟುಕೊಳ್ಳುವವರಾದರೆ ಅದರ ಮೇಲೆ ಅನುಪಾತ. ಬೇರೆಯವರಿಗೆ ವಿವರಿಸಬೇಕಾದ ಕೆಲಸದಲ್ಲಿದ್ದರೆ ವರ್ಗಮೂಲದ ರೂಪ ನೋಡಿ. "ಇಂದಿನ ಶೇ. 3ರಲ್ಲಿ ಐದರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು ನಾಳೆಗೆ ಹೋಗುತ್ತದೆ" ಅಂತ ಬಾಯಲ್ಲೇ ಹೇಳಬಹುದು, ಲಾಗ್‌ನಲ್ಲಿ ಅದು ಆಗುವುದಿಲ್ಲ. ಡೇಟಾ ಶುದ್ಧ ಮಾಡಲು ಜನ ಇದ್ದಾರೆ, ಹತ್ತಾರು ಶೇರುಗಳಿಗೆ ದಿನಾ ಅಂದಾಜು ಬೇಕು ಅನ್ನುವ ಕಡೆ ಹಾರ್-ಕ್ಯೂ ತಂದು ಲಾಗ್ ಹಾರ್ ಜೊತೆ ಕ್ಯೂಲೈಕ್‌ನಲ್ಲಿ ಹೋಲಿಸಿ. ಗೆದ್ದರೆ ಮಾತ್ರ ಇಟ್ಟುಕೊಳ್ಳಿ. ರಿಸ್ಕ್‌ಮೆಟ್ರಿಕ್ಸನ್ನು ಹೋಲಿಕೆಗಷ್ಟೇ ಇಡಿ. ನಿಮ್ಮ ಹಾರ್ ಅದನ್ನೂ ಸೋಲಿಸದಿದ್ದರೆ ಕೋಡ್‌ನಲ್ಲಿ ಏನೋ ಎಡವಟ್ಟಾಗಿದೆ.

ಯಾವುದೇ ಆರಿಸಿದರೂ ಎರಡು ಕಡೆ ಕಣ್ಣಿಡಿ. ಹೊಡೆತ ಬಿದ್ದು ಐದನೆಯ ದಿನ ಮುಗಿದಾಗ ಅದು ವಾರದ ಸರಾಸರಿಯಿಂದ ಜಾರಿ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಒಳಗೆ ಬಂದದ್ದು 0.8 ಆದರೆ, ವರ್ಗಮೂಲದ ರೂಪದಲ್ಲಿ ಅದೊಂದರಿಂದಲೇ ಅಂದಾಜು 0.15 ಇಳಿಯುತ್ತದೆ. ಆ ದಿನ ಮಾರುಕಟ್ಟೆಯಲ್ಲಿ ಏನೂ ಆಗಿರಬೇಕಿಲ್ಲ. ಆ ಇಳಿಕೆ ನೋಡಿ ಪೊಸಿಷನ್ ಹೆಚ್ಚಿಸಬೇಡಿ. ತಿಂಗಳ ಕಿಟಕಿಯಿಂದ ಜಾರುವಾಗ ಬದಲಾವಣೆ 0.02ರಷ್ಟು ಮಾತ್ರ, ಅದನ್ನು ಮರೆತುಬಿಡಿ.

ಇನ್ನೊಂದು, ಅರೆಬರೆ ದಿನಗಳು. ದೀಪಾವಳಿಯ ಮುಹೂರ್ತ ವಹಿವಾಟು ಒಂದೇ ಗಂಟೆ, ಅಂದರೆ 12 ತುಂಡು. ಅದನ್ನು ಇಡೀ ದಿನ ಅಂತ ಎಣಿಸಿದರೆ ಆ ವಾರದ ಸರಾಸರಿ ಸುಳ್ಳೇ ಕೆಳಗೆ ಹೋಗುತ್ತದೆ. ಲಾಗ್ ರೂಪದಲ್ಲಿ ಸಣ್ಣ ಸಂಖ್ಯೆಗಳೇ ದೊಡ್ಡದಾಗಿ ಕಾಣುವುದರಿಂದ ಪೆಟ್ಟು ಇನ್ನೂ ಜಾಸ್ತಿ. 2021ರ ಫೆಬ್ರವರಿ 24ರಂದು ತಾಂತ್ರಿಕ ದೋಷದಿಂದ ಎನ್‌ಎಸ್‌ಇ ವಹಿವಾಟು ಗಂಟೆಗಟ್ಟಲೆ ನಿಂತು, ಸಂಜೆ 5ರವರೆಗೆ ವಿಸ್ತರಣೆಯಾಗಿತ್ತು. 2024ರಲ್ಲಿ ಕೆಲವು ಶನಿವಾರ ವಿಶೇಷ ವಹಿವಾಟು ನಡೆಯಿತು. ಪ್ರತಿ ದಿನಕ್ಕೆ ಎಷ್ಟು ತುಂಡುಗಳಿವೆ ಅಂತ ಒಂದು ಕಾಲಂ ಇಟ್ಟುಕೊಂಡು, 75 ಇಲ್ಲದ ದಿನಗಳನ್ನೆಲ್ಲ ಬೇರೆ ತೆಗೆದು ಒಂದೊಂದಾಗಿ ನೋಡಿ. ಮುಹೂರ್ತದ ದಿನವನ್ನು ಪೂರ್ತಿ ಬಿಟ್ಟುಬಿಡಿ. ಬಜೆಟ್ ಮಂಡನೆಯಾದ 2025ರ ಫೆಬ್ರವರಿ 1 ಕೂಡ ಶನಿವಾರವೇ, ಆದರೆ ಅಂದು ಇಡೀ ದಿನ ವಹಿವಾಟು ಇತ್ತು. ವಾರಾಂತ್ಯ ಅಂತ ಕಣ್ಣುಮುಚ್ಚಿ ತೆಗೆದುಹಾಕುವ ಕೋಡ್ ಬರೆದಿದ್ದರೆ, ಆ ದಿನವೂ ಹೋಗಿರುತ್ತದೆ.